ಗೊಂಬೆ ಅಳಿಸಿದ ಮೇಲೆ ಕೊರಳು ಕಟ್ಟುವುದು

ಮೊಬೈಲಿನಲ್ಲಿ ಬಟ್ಟೆ ಕೊಳ್ಳುವವರು ದಿನವೂ ನೋಡುವ ಚಿತ್ರವೊಂದಿದೆ. ಬಿಳಿ ಹಿನ್ನೆಲೆಯ ಮುಂದೆ ಒಂದು ಕುರ್ತಿ ನಿಂತಿರುತ್ತದೆ. ಹೆಗಲು ತುಂಬಿದೆ, ಎದೆಯ ಭಾಗ ಉಬ್ಬಿದೆ, ತೋಳುಗಳು ದುಂಡಗೆ ಇಳಿಬಿದ್ದಿವೆ, ಆದರೆ ಅದನ್ನು ತೊಟ್ಟವರು ಯಾರೂ ಇಲ್ಲ. ಕೊರಳಿನ ತೆರವಿನಲ್ಲಿ ಕಣ್ಣಿಟ್ಟರೆ ಬೆನ್ನಿನ ಒಳಮೈ ಕಾಣುತ್ತದೆ; ಅಲ್ಲಿ ಹೊಲಿದ ಕಂಪನಿಯ ಲೇಬಲ್ಲೂ ಓದಲು ಸಿಗುತ್ತದೆ. ಹ್ಯಾಂಗರಿಗೆ ತೂಗುಹಾಕಿದ ಬಟ್ಟೆ ಹೀಗೆ ತುಂಬಿಕೊಳ್ಳುವುದಿಲ್ಲ. ಮನುಷ್ಯರೋ ಗೊಂಬೆಯೋ ತೊಟ್ಟಿದ್ದರೆ ಕತ್ತು ಅಡ್ಡ ಬಂದು ಲೇಬಲ್ ಕಾಣುವುದಿಲ್ಲ. ಅಂದರೆ ಇದು ಒಂದೇ ಸಲ ಕ್ಲಿಕ್ಕಿಸಿದ ಚಿತ್ರವಲ್ಲ. ಕನಿಷ್ಠ ಎರಡು ಫೋಟೊಗಳನ್ನು ಕತ್ತರಿಸಿ ಒಂದರ ಕೆಳಗೊಂದು ಇಟ್ಟು ಜೋಡಿಸಿದ ಚಿತ್ರ.

ಫೋಟೊ ಸ್ಟುಡಿಯೊಗಳಲ್ಲಿ ಇದಕ್ಕೆ ಘೋಸ್ಟ್ ಮ್ಯಾನಿಕ್ವಿನ್ ಎನ್ನುತ್ತಾರೆ. ಫೋಟೊ ತಿದ್ದುವ ಕೆಲಸವನ್ನು ಜಗತ್ತಿನೆಲ್ಲೆಡೆಯಿಂದ ಗುತ್ತಿಗೆಗೆ ಹಿಡಿಯುವ ಢಾಕಾದ ಕಚೇರಿಗಳಲ್ಲಿ ಇದರ ಹೆಸರು ನೆಕ್ ಜಾಯಿಂಟ್, ಕೊರಳಿನ ಜೋಡಣೆ. ಕೆಲಸದ ಕಷ್ಟವೆಲ್ಲ ಈ ಎರಡನೆಯ ಹೆಸರಿನಲ್ಲಿದೆ. ಗೊಂಬೆಯನ್ನು ಅಳಿಸುವುದು ಸುಲಭದ ಅರ್ಧ. ಅಳಿಸಿದ ಜಾಗದಲ್ಲಿ ಕೊರಳನ್ನು ಮತ್ತೆ ಕಟ್ಟುವುದು ಇನ್ನರ್ಧ. ಆ ಇನ್ನರ್ಧ ಸರಿಬರುತ್ತದೋ ಇಲ್ಲವೋ ಎನ್ನುವುದು ಕಂಪ್ಯೂಟರಿನ ಮುಂದೆ ಕೂರುವ ಮೊದಲೇ, ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲೆ ಎಷ್ಟು ಎತ್ತರದಲ್ಲಿ ನಿಲ್ಲಿಸಿದರು ಎಂಬುದರಲ್ಲಿ ಬಹುಪಾಲು ತೀರ್ಮಾನವಾಗಿರುತ್ತದೆ.

ಗೊಂಬೆಯನ್ನು ಚಿತ್ರದಲ್ಲೇ ಬಿಟ್ಟರೆ ಆಗದೆ ಎಂದು ಕೇಳಬಹುದು. ಆನ್‌ಲೈನ್ ಮಳಿಗೆಗಳ ನಿಯಮ ಅದನ್ನು ಒಪ್ಪುವುದಿಲ್ಲ. ಅಮೆಜಾನಿನಲ್ಲಿ ಬಟ್ಟೆಯ ಮುಖ್ಯ ಚಿತ್ರಕ್ಕೆ ಅಚ್ಚ ಬಿಳಿ ಹಿನ್ನೆಲೆ ಬೇಕು. ಕೆಂಪು, ಹಸಿರು, ನೀಲಿ ಮೂರೂ 255 ಇರಬೇಕು. ಬಟ್ಟೆ ಚೌಕಟ್ಟಿನ ಶೇಕಡ 85ರಷ್ಟನ್ನು ತುಂಬಬೇಕು, ಗೊಂಬೆಯ ಯಾವ ಭಾಗವೂ ಕಾಣಬಾರದು. ಬೆಂಗಳೂರಿನಲ್ಲಿ 2007ರಲ್ಲಿ ಹುಟ್ಟಿದ ಫ್ಲಿಪ್‌ಕಾರ್ಟ್, ಮಿಂತ್ರಾಗಳಂಥ ಮಳಿಗೆಗಳು ಬೆಳೆದಂತೆ ಊರೂರಿನ ಸಣ್ಣ ತಯಾರಕರೂ ತಮ್ಮ ಬಟ್ಟೆಯ ಫೋಟೊ ತೆಗೆಸಲೇಬೇಕಾಯಿತು. ರೂಪದರ್ಶಿಯನ್ನು ಕರೆಸಿದರೆ ಖರ್ಚು ಏರುತ್ತದೆ. ನೆಲದ ಮೇಲೆ ಹರಡಿ ಮೇಲಿನಿಂದ ತೆಗೆದರೆ ಹೊಲಿಗೆಯ ಆಕಾರ ಚಪ್ಪಟೆಯಾಗುತ್ತದೆ. ಗೊಂಬೆಗೆ ತೊಡಿಸಿ ಆಮೇಲೆ ಗೊಂಬೆಯನ್ನು ಅಳಿಸುವುದು ಇವೆರಡರ ನಡುವಿನ ದಾರಿ.

ಗೊಂಬೆಯನ್ನಷ್ಟೇ ಅಳಿಸಿ ಸುಮ್ಮನಾದರೆ ಏನಾಗುತ್ತದೆ ಎಂಬುದನ್ನು ಮೊದಲು ನೋಡಬೇಕು. ಕುರ್ತಿಯ ಮುಂದಿನ ಕೊರಳು ತಗ್ಗಿನಲ್ಲಿರುತ್ತದೆ, ಹಿಂದಿನ ಕೊರಳು ಎತ್ತರದಲ್ಲಿ. ಇವೆರಡರ ನಡುವೆ ಕಾಣುತ್ತಿದ್ದುದು ಗೊಂಬೆಯ ಕತ್ತು ಮತ್ತು ಎದೆ. ಅದನ್ನು ತೆಗೆದರೆ ಆ ಜಾಗದಲ್ಲಿ ಹಿನ್ನೆಲೆಯ ಬಿಳಿ ಬಂದು ಕೂರುತ್ತದೆ. ಬಟ್ಟೆಗೆ ಬೆನ್ನೇ ಇಲ್ಲ ಎಂಬಂತೆ, ಕಾಗದದಲ್ಲಿ ಕತ್ತರಿಸಿ ಅಂಟಿಸಿದಂತೆ ಕಾಣುತ್ತದೆ. ನಿಜಕ್ಕೂ ಕತ್ತು ಇಲ್ಲದಿದ್ದರೆ ಅಲ್ಲಿ ಕಣ್ಣಿಗೆ ಬೀಳಬೇಕಾದದ್ದು ಬೆನ್ನಿನ ತುಂಡಿನ ಒಳಮೈ: ಲೈನಿಂಗ್ ಬಟ್ಟೆ, ಹೊಲಿಗೆಯ ಮಡಿಕೆ, ಲೇಬಲ್. ಅವೆಲ್ಲ ಮೊದಲ ಫೋಟೊದಲ್ಲಿ ಗೊಂಬೆಯ ಹಿಂದೆ ಅಡಗಿದ್ದವು. ಅಲ್ಲಿ ಇಲ್ಲದ್ದನ್ನು ಕುಂಚದಿಂದ ಬರೆಯುವುದಕ್ಕಿಂತ ಅದರದ್ದೇ ಇನ್ನೊಂದು ಫೋಟೊ ತೆಗೆಯುವುದು ಲೇಸು. ಲೈನಿಂಗ್ ಯಾವ ಬಣ್ಣದ್ದು, ಹೊಲಿಗೆ ಹೇಗಿದೆ ಎಂದು ತಿಳಿಯುವ ಹಕ್ಕು ಕೊಳ್ಳುವವರಿಗಿದೆ.

ಉದಾಹರಣೆಗೆ ಗುಳೇದಗುಡ್ಡದ ಖಣದಲ್ಲಿ ಹೊಲಿದ ಒಂದು ಕೆಂಪು ಕುರ್ತಿಯನ್ನು ತೆಗೆದುಕೊಳ್ಳೋಣ. ಉದ್ದ 42 ಇಂಚು, ಅಂದರೆ ಸುಮಾರು 107 ಸೆಂಟಿಮೀಟರ್. ದುಂಡು ಕೊರಳು, ಅಗಲ 18 ಸೆಂ.ಮೀ., ಫ್ರಂಟ್ ನೆಕ್ 15 ಸೆಂ.ಮೀ. ಇಳಿದಿದೆ, ಬ್ಯಾಕ್ ನೆಕ್ ಎರಡೂವರೆ ಸೆಂ.ಮೀ. ಮಾತ್ರ. ಒಳಗೆ ಹತ್ತಿಯ ಲೈನಿಂಗ್, ಬೆನ್ನಿನ ನಡುವೆ ಲೇಬಲ್. ಖಣ ಮೂಲತಃ ರವಿಕೆಯ ಬಟ್ಟೆ. ಸಣ್ಣ ಸಣ್ಣ ನೇಯ್ದ ಚಿತ್ತಾರ, ಸ್ವಲ್ಪ ಹೊಳಪು. ಈ ಕೆಲಸಕ್ಕೆ ಅದು ಸುಲಭದ ಬಟ್ಟೆಯಲ್ಲ, ಹಾಗಾಗಿಯೇ ಉದಾಹರಣೆಗೆ ಒಳ್ಳೆಯದು.

ಮೊದಲ ಕೆಲಸ ಕ್ಯಾಮೆರಾದ್ದಲ್ಲ, ಇಸ್ತ್ರಿಯದು. ಗೊಂಬೆಗೆ ತೊಡಿಸಿದ ಮೇಲೂ ಹಬೆ ಹಾಯಿಸಿ ಸುಕ್ಕು ತೆಗೆಯುತ್ತಾರೆ. ಹೆಗಲಿನ ಹೊಲಿಗೆ ಗೊಂಬೆಯ ಹೆಗಲಿನ ಮೇಲೇ ಕೂತಿದೆಯೇ, ಎಡ ಬಲ ಒಂದೇ ಮಟ್ಟದಲ್ಲಿವೆಯೇ ಎಂದು ನೋಡುತ್ತಾರೆ. ತೋಳಿನೊಳಗೆ ತೆಳು ಕಾಗದ ತುರುಕಿ ದುಂಡು ಮಾಡುತ್ತಾರೆ. ಬಟ್ಟೆ ಸಡಿಲವಾದರೆ ಬೆನ್ನಿನ ಕಡೆ ಪಿನ್ನು, ಕ್ಲಿಪ್ ಹಾಕಿ ಎಳೆಯುತ್ತಾರೆ. ಇಲ್ಲಿ ಒಂದು ಮಿತಿ ಇಟ್ಟುಕೊಳ್ಳಬೇಕು. ಗೊಂಬೆ ಸಣ್ಣದು ಎನ್ನುವ ಕಾರಣಕ್ಕೆ ಒಂದೆರಡು ಬೆರಳು ಎಳೆಯುವುದು ಸರಿ. ಸಡಿಲ ಕುರ್ತಿಯನ್ನು ಮೈಗಂಟಿದ ಕುರ್ತಿಯಂತೆ ಕಾಣಿಸುವಷ್ಟು ಎಳೆದರೆ ಅದು ಸುಳ್ಳು, ಮತ್ತು ಆ ಸುಳ್ಳು ಕೊಂಡವರ ಮನೆಯ ಕನ್ನಡಿಯ ಮುಂದೆ ಬಯಲಾಗಿ ಬಟ್ಟೆ ವಾಪಸ್ ಬರುತ್ತದೆ.

ಆಮೇಲೆ ಕ್ಯಾಮೆರಾ. ಸಾಮಾನ್ಯ ಎಪಿಎಸ್-ಸಿ ಸೆನ್ಸರಿನ ಕ್ಯಾಮೆರಾಗೆ 50 ಮಿ.ಮೀ. ಲೆನ್ಸ್ ಹಾಕಿ, ಕ್ಯಾಮೆರಾವನ್ನು ಲಂಬವಾಗಿ ತಿರುಗಿಸಿ, ಸುಮಾರು 2.7 ಮೀಟರ್ ದೂರದಲ್ಲಿ ನಿಲ್ಲಿಸಿದರೆ ಈ ಕುರ್ತಿ ಚೌಕಟ್ಟಿನ ಶೇಕಡ 85ರಷ್ಟನ್ನು ತುಂಬುತ್ತದೆ. ಹತ್ತಿರ ಹೋಗಿ ಅಗಲ ಲೆನ್ಸಿನಲ್ಲಿ ತೆಗೆದರೆ ಎದೆ ದಪ್ಪವಾಗಿ, ಅಂಚು ಕಿರಿದಾಗಿ ವಿಕಾರವಾಗುತ್ತದೆ. ದ್ಯುತಿರಂಧ್ರ ಎಫ್/8ರಿಂದ ಎಫ್/11ರ ನಡುವೆ ಇದ್ದರೆ ಮುಂದಿನ ಕೊರಳಿಂದ ಹಿಂದಿನ ಲೇಬಲ್‌ವರೆಗೂ ಸ್ಪಷ್ಟ ಬರುತ್ತದೆ. ಐಎಸ್ಒ 100. ಎಲ್ಲವೂ ಮ್ಯಾನುವಲ್‌ನಲ್ಲಿ, ಏಕೆಂದರೆ ಮುಂದೆ ತೆಗೆಯುವ ಒಳಮೈಯ ಫೋಟೊಗೂ ಇದೇ ಬೆಳಕು, ಇದೇ ಬಣ್ಣ ಬೇಕು. ಕ್ಯಾಮೆರಾ ತಾನೇ ಲೆಕ್ಕ ಹಾಕತೊಡಗಿದರೆ ಎರಡು ಫೋಟೊಗಳಲ್ಲಿ ಒಂದೇ ಲೈನಿಂಗಿಗೆ ಎರಡು ಬಣ್ಣ ಬರುತ್ತದೆ.

ಇನ್ನು ಎತ್ತರದ ಮಾತು. ಗೊಂಬೆಯ ಹೆಗಲು ನೆಲದಿಂದ 140 ಸೆಂ.ಮೀ. ಎತ್ತರದಲ್ಲಿದೆ ಎಂದುಕೊಳ್ಳೋಣ. ಕುರ್ತಿಯ ಕೆಳ ಅಂಚು 33 ಸೆಂ.ಮೀ.ನಲ್ಲಿ ಬರುತ್ತದೆ. ಬಟ್ಟೆ ಮೇಲೆ ಕೆಳಗೆ ಸಮವಾಗಿ ಕಾಣಲೆಂದು ಕ್ಯಾಮೆರಾವನ್ನು ನಟ್ಟನಡುವೆ, ಸುಮಾರು 90 ಸೆಂ.ಮೀ. ಎತ್ತರಕ್ಕೆ ಇಡುತ್ತಾರೆ. ಅಂದರೆ ಕೊರಳು ಕ್ಯಾಮೆರಾಗಿಂತ ಅರ್ಧ ಮೀಟರ್ ಮೇಲಿದೆ. ಕ್ಯಾಮೆರಾ ಕೊರಳನ್ನು ಕೆಳಗಿನಿಂದ ನೋಡುತ್ತಿದೆ. ಕೆಳಗಿನಿಂದ ನೋಡುವಾಗ ದೂರದ ವಸ್ತು ಹತ್ತಿರದ್ದಕ್ಕಿಂತ ತಗ್ಗಿದಂತೆ ಕಾಣುತ್ತದೆ. ಬೆನ್ನಿನ ನಡು, ಹೆಗಲಿನ ಹೊಲಿಗೆಗಿಂತ ಸುಮಾರು 7 ಸೆಂ.ಮೀ. ಹಿಂದಿದೆ. ಈ ದೂರ ಮತ್ತು ಎತ್ತರಕ್ಕೆ ಲೆಕ್ಕ ಹಾಕಿದರೆ ಅದು ಒಂದೂಕಾಲು ಸೆಂ.ಮೀ.ನಷ್ಟು ಕೆಳಗೆ ಸರಿದಂತೆ ಕಾಣುತ್ತದೆ. ಹೊಲಿಗೆಯಲ್ಲಿ ಎರಡೂವರೆ ಸೆಂ.ಮೀ. ಇದ್ದ ಬ್ಯಾಕ್ ನೆಕ್ಕಿನ ಬಾಗು ಫೋಟೊದಲ್ಲಿ ಮುಕ್ಕಾಲು ಕಮ್ಮಿ ನಾಲ್ಕು ಅಲ್ಲ, ಕಾಲು ಕಮ್ಮಿ ನಾಲ್ಕು ಸೆಂ.ಮೀ. ಆಗುತ್ತದೆ.

ಈ ಒಂದೂಕಾಲು ಸೆಂ.ಮೀ. ಸಣ್ಣದಲ್ಲ. ಒಳಮೈಯ ಫೋಟೊ ತೆಗೆಯುವ ರೂಢಿ ಮೂರು ಬಗೆಯದು, ಮೂರರಲ್ಲೂ ಇದೇ ಬಾಗು ಬೇರೆ ಬೇರೆ ಬರುತ್ತದೆ.

ಎಲ್ಲಕ್ಕಿಂತ ಒಳ್ಳೆಯದು ಭಾಗಗಳು ಕಳಚಿ ಬರುವ ಗೊಂಬೆ. ಈ ಕೆಲಸಕ್ಕೆಂದೇ ಮಾಡಿದ ಗೊಂಬೆಗಳಲ್ಲಿ ಕತ್ತು ಮತ್ತು ಎದೆಯ ಮೇಲ್ಭಾಗದ ತುಂಡು ಬೇರೆಯಾಗಿರುತ್ತವೆ. ಮುಂಭಾಗದ ಫೋಟೊ ಆದಮೇಲೆ ಬಟ್ಟೆ ಅಲುಗದಂತೆ ಆ ತುಂಡನ್ನು ಮೇಲಕ್ಕೆ ಎಳೆದು ತೆಗೆದರೆ ಬೆನ್ನಿನ ಒಳಮೈ ತಾನಿದ್ದ ಜಾಗದಲ್ಲೇ ಕಾಣುತ್ತದೆ. ಕ್ಯಾಮೆರಾ ಅಲ್ಲೇ, ದೀಪ ಅಲ್ಲೇ. ಬಾಗು ಕಾಲು ಕಮ್ಮಿ ನಾಲ್ಕು ಸೆಂ.ಮೀ. ಇದ್ದದ್ದು ಹಾಗೇ ಸಿಗುತ್ತದೆ, ತಿದ್ದುವವರಿಗೆ ಅರ್ಧ ಕೆಲಸ ಮುಗಿದಂತೆ.

ಎರಡನೆಯದು ಥರ್ಮಾಕೋಲ್ ಅಥವಾ ಫೋಮ್ ಬೋರ್ಡಿನ ದಾರಿ. ಬೋರ್ಡನ್ನು ಹೆಗಲಿನ ಆಕಾರಕ್ಕೆ ಕತ್ತರಿಸಿ, ಕುರ್ತಿಯನ್ನು ಒಳಹೊರಗು ಮಾಡಿ ಅದಕ್ಕೆ ತೊಡಿಸಿ, ಬೆನ್ನಿನ ಒಳಮೈ ಕ್ಯಾಮೆರಾದ ಕಡೆ ಬರುವಂತೆ ಗೊಂಬೆಯಿದ್ದ ಜಾಗದಲ್ಲೇ ನಿಲ್ಲಿಸುತ್ತಾರೆ. ಅಗ್ಗದ ದಾರಿ, ಸಣ್ಣ ಸ್ಟುಡಿಯೊಗೆ ಸಾಕು. ಆದರೆ ಬೋರ್ಡು ಚಪ್ಪಟೆ. ಬೆನ್ನಿನ ನಡು ಹಿಂದಕ್ಕೆ ಸರಿದಿಲ್ಲವಾದ್ದರಿಂದ ಬಾಗು ಹೊಲಿಗೆಯಲ್ಲಿದ್ದಷ್ಟೇ, ಎರಡೂವರೆ ಸೆಂ.ಮೀ. ಕಾಣುತ್ತದೆ.

ಮೂರನೆಯದು ಒಳಹೊರಗು ಮಾಡಿದ ಕುರ್ತಿಯನ್ನು ಅದೇ ಗೊಂಬೆಗೆ ತೊಡಿಸಿ, ಗೊಂಬೆಯನ್ನು ಹಿಂದುಮುಂದಾಗಿ ತಿರುಗಿಸುವುದು. ಬೋರ್ಡ್ ಕತ್ತರಿಸುವ ತಾಪತ್ರಯವಿಲ್ಲ ಎಂದು ಹಲವರು ಇದನ್ನೇ ಮಾಡುತ್ತಾರೆ. ಲೇಬಲ್ ನೇರವಾಗೇ ಓದಲು ಬರುವುದರಿಂದ ಎಲ್ಲ ಸರಿಯಿದೆ ಎನಿಸುತ್ತದೆ. ಆದರೆ ಈಗ ಬೆನ್ನಿನ ನಡು ಕ್ಯಾಮೆರಾಗೆ ದೂರವಾಗುವ ಬದಲು ಹತ್ತಿರವಾಗಿದೆ. ಕೆಳಕ್ಕೆ ಸರಿಯಬೇಕಾದದ್ದು ಮೇಲಕ್ಕೆ ಸರಿದು ಬಾಗು ಬರೀ ಒಂದೂಕಾಲು ಸೆಂ.ಮೀ. ಉಳಿಯುತ್ತದೆ. ಇರಬೇಕಾದುದರ ಮೂರನೆಯ ಒಂದು ಭಾಗ! ನೆರಳೂ ತಿರುಗಿರುತ್ತದೆ. ತಗ್ಗಾಗಿ, ನಡುವೆ ಮಬ್ಬಾಗಿ ಇರಬೇಕಾದ ಒಳಮೈ ಉಬ್ಬಿಕೊಂಡು ನಡುವೆಯೇ ಹೊಳೆಯುತ್ತಿರುತ್ತದೆ. ಇಂಥ ತುಂಡನ್ನು ಹಾಗೆಯೇ ತಂದು ಕೂರಿಸಿದರೆ ನೋಡುವವರಿಗೆ ಏನೋ ತಪ್ಪಿದೆ ಅನಿಸುತ್ತದೆ, ಏನೆಂದು ಹೇಳಲಾಗುವುದಿಲ್ಲ. ಕೊರಳು ಹಿಂದಕ್ಕೆ ಹೋಗುವ ಬದಲು ಮುಂದಕ್ಕೆ ನೂಕಿದಂತೆ ಕಾಣುತ್ತದೆ.

ಮೂರು ದಾರಿಯಲ್ಲಿ ಯಾವುದನ್ನು ಹಿಡಿದರೂ ಕ್ಯಾಮೆರಾದ ಎತ್ತರ, ದೂರ ಮತ್ತು ದೀಪಗಳನ್ನು ಮುಟ್ಟಬಾರದು. ಲೇಬಲ್ ಚೆನ್ನಾಗಿ ಕಾಣಲಿ ಎಂದು ಕ್ಯಾಮೆರಾವನ್ನು ಕೊರಳಿನ ಮಟ್ಟಕ್ಕೆ ಎತ್ತಿ, ಹತ್ತಿರ ಹೋಗಿ ತೆಗೆಯುವುದು ಹೊಸಬರು ಸಾಮಾನ್ಯವಾಗಿ ಮಾಡುವ ತಪ್ಪು. ಆ ಚಿತ್ರ ಬಿಡಿಯಾಗಿ ನೋಡಲು ಚೆಂದ. ಆದರೆ ಅದನ್ನು ನೋಡಿದ ಕಣ್ಣು ಬೇರೆ, ಮುಂಭಾಗವನ್ನು ನೋಡಿದ ಕಣ್ಣು ಬೇರೆ.

ಈಗ ಕಂಪ್ಯೂಟರ್. ಈ ಜೋಡಣೆಗೆ ಬೇಕಾದ ಸಲಕರಣೆಗಳು ಫೋಟೊಶಾಪಿಗೆ ಒಟ್ಟಿಗೆ ಬಂದವಲ್ಲ. 1990ರಲ್ಲಿ ಅದು ಹೊರಬಂದಾಗ ಪದರಗಳೇ ಇರಲಿಲ್ಲ. ಒಂದರ ಕೆಳಗೊಂದು ಚಿತ್ರ ಇಡಬಲ್ಲ ಲೇಯರುಗಳು ಬಂದದ್ದು 1994ರ ಮೂರನೆಯ ಆವೃತ್ತಿಯಲ್ಲಿ. ಚಿತ್ರವನ್ನು ರಬ್ಬರಿನಂತೆ ಬಾಗಿಸುವ ವಾರ್ಪ್ ಬಂದದ್ದು 2005ರಲ್ಲಿ. ಕೊರಳಿನ ಕೆಲಸ ಇವೆರಡನ್ನೂ ಬೇಡುತ್ತದೆ.

ಮುಂಭಾಗದ ಫೋಟೊದಲ್ಲಿ ಪೆನ್ ಟೂಲ್ ಹಿಡಿದು ಕುರ್ತಿಯ ಸುತ್ತ ಗೆರೆ ಎಳೆಯುತ್ತಾರೆ. ತಾನೇ ಆಯ್ದುಕೊಳ್ಳುವ ಸಲಕರಣೆಗಳಿವೆ, ಆದರೆ ಬಿಳಿ ಗೊಂಬೆಯ ಮೇಲೆ ತಿಳಿ ಬಣ್ಣದ ಕೊರಳಪಟ್ಟಿ ಇದ್ದರೆ ಅವು ಎಡವುತ್ತವೆ. ಪೆನ್ನಿನ ಗೆರೆ ಬಟ್ಟೆಯ ಅಂಚಿನಿಂದ ಒಂದೆರಡು ಪಿಕ್ಸೆಲ್ ಒಳಗೆ ಸಾಗಬೇಕು. ಸರಿಯಾಗಿ ಅಂಚಿನ ಮೇಲೇ ಎಳೆದರೆ ಗೊಂಬೆಯ ಬಿಳಿ ಕೂದಲೆಳೆಯಷ್ಟು ಉಳಿದು ಕೆಂಪು ಬಟ್ಟೆಯ ಸುತ್ತ ಮಿಂಚುತ್ತದೆ. ಗುರುತಿನ ಚುಕ್ಕಿಗಳು ಕಡಿಮೆಯಿದ್ದಷ್ಟೂ ಕೊರಳಿನ ಗೆರೆ ನುಣುಪಾಗುತ್ತದೆ. ಗೆರೆ ಮುಗಿದ ಮೇಲೆ ಅದನ್ನು ಆಯ್ಕೆಯಾಗಿ ಬದಲಿಸುವಾಗ ಫೆದರ್ 0.3ರಿಂದ 0.5 ಪಿಕ್ಸೆಲ್ ಸಾಕು. ಹೆಚ್ಚಾದರೆ ಅಂಚು ಮಂಜಾಗುತ್ತದೆ, ಸೊನ್ನೆಯಿದ್ದರೆ ಕತ್ತರಿಯಿಂದ ಕೊಯ್ದಂತಿರುತ್ತದೆ. ಗೊಂಬೆಯನ್ನು ಅಳಿಸಿಬಿಡುವುದಕ್ಕಿಂತ ಲೇಯರ್ ಮಾಸ್ಕಿನಿಂದ ಮರೆಮಾಡುವುದು ಒಳ್ಳೆಯದು, ಬೇಕೆಂದಾಗ ಅಂಚನ್ನು ಮತ್ತೆ ತಿದ್ದಬಹುದು.

ಒಳಮೈಯ ಫೋಟೊದಿಂದ ಬೇಕಾದದ್ದು ಒಂದು ಸಣ್ಣ ತುಂಡು: ಹಿಂದಿನ ಕೊರಳಿನ ಅಂಚು, ಅದರ ಕೆಳಗಿನ ಲೈನಿಂಗ್, ಲೇಬಲ್. ಅದನ್ನು ಕತ್ತರಿಸಿ ಮುಂಭಾಗದ ಲೇಯರಿನ ಕೆಳಗೆ ಇಡುತ್ತಾರೆ. ಚಿತ್ರದ ಎತ್ತರ 3000 ಪಿಕ್ಸೆಲ್ ಇದ್ದರೆ ಈ ಕುರ್ತಿಯ ಒಂದು ಸೆಂ.ಮೀ. ಸುಮಾರು 24 ಪಿಕ್ಸೆಲ್ ಆಗುತ್ತದೆ. 18 ಸೆಂ.ಮೀ. ಅಗಲದ ಕೊರಳು 430 ಪಿಕ್ಸೆಲ್. ಮೊದಲು ಎರಡು ಹೆಗಲ ಹೊಲಿಗೆಗಳ ನಡುವಿನ ಅಗಲವನ್ನು ಸರಿಹೊಂದಿಸಬೇಕು, ಅದೇ ಅಳತೆಗೋಲು. ಆಮೇಲೆ ಬಾಗು. ಥರ್ಮಾಕೋಲಿನ ಮೇಲೆ ತೆಗೆದ ತುಂಡಾದರೆ `Edit > Transform > Warp` ತೆರೆದು, ಎರಡು ತುದಿಗಳನ್ನು ಅಲುಗಿಸದೆ ನಡುವನ್ನು ಸುಮಾರು 30 ಪಿಕ್ಸೆಲ್ ಕೆಳಕ್ಕೆ ಎಳೆಯಬೇಕು. ಮೊದಲೇ ಲೆಕ್ಕ ಹಾಕಿದ ಒಂದೂಕಾಲು ಸೆಂ.ಮೀ. ಅದೇ. ಗೊಂಬೆಯನ್ನು ತಿರುಗಿಸಿ ತೆಗೆದ ತುಂಡಾದರೆ 60 ಪಿಕ್ಸೆಲ್ ಎಳೆಯಬೇಕಾಗುತ್ತದೆ. ಅಷ್ಟು ಎಳೆದಾಗ ಲೇಬಲ್ಲಿನ ಅಕ್ಷರಗಳು ಬಿಲ್ಲಿನಂತೆ ಬಾಗುತ್ತವೆ, ಲೈನಿಂಗಿನ ನೇಯ್ಗೆ ಹಿಗ್ಗುತ್ತದೆ. ಆ ದಾರಿ ಬೇಡ ಎನ್ನುವುದಕ್ಕೆ ಇದೇ ಕಾರಣ.

ತುಂಡಿನ ಕೆಳ ಅಂಚನ್ನು ಮುಂದಿನ ಕೊರಳಿನ ಗೆರೆಗೆ ಸರಿಯಾಗಿ ಕತ್ತರಿಸಬೇಕಿಲ್ಲ. ಮೂವತ್ತು ನಲವತ್ತು ಪಿಕ್ಸೆಲ್ ಕೆಳಗಿನವರೆಗೂ ಬಿಟ್ಟರೆ ಮುಂಭಾಗದ ಬಟ್ಟೆಯೇ ಅದನ್ನು ಮುಚ್ಚಿಕೊಳ್ಳುತ್ತದೆ. ಕಷ್ಟವಿರುವುದು ಮೇಲೆ, ಎಡ ಬಲದ ಹೆಗಲಿನ ಹೊಲಿಗೆಯಲ್ಲಿ. ಮುಂದಿನ ಅಂಚೂ ಹಿಂದಿನ ಅಂಚೂ ನಿಜವಾದ ಕುರ್ತಿಯಲ್ಲಿ ಒಂದೇ ಪಟ್ಟಿ. ಅದು ಹೆಗಲ ಮೇಲಿಂದ ಹಾದು ಹಿಂದಕ್ಕೆ ಹೊರಳುತ್ತದೆ. ಚಿತ್ರದಲ್ಲೂ ಆ ಹೊರಳು ಮುರಿಯದೆ ಸಾಗಬೇಕು. ಅಲ್ಲಿ ಒಂದು ಸಣ್ಣ ಮೆಟ್ಟಿಲು, ಒಂದು ಪಿಕ್ಸೆಲಿನ ಬಿಳಿ ಸಂದು ಉಳಿದರೂ ಜೋಡಣೆ ಬಯಲಾಗುತ್ತದೆ. ಪರಿಣತರು ಉಳಿದೆಲ್ಲ ಕಡೆಗಿಂತ ಈ ಎರಡು ಚುಕ್ಕಿಗಳ ಮೇಲೆ ಹೆಚ್ಚು ಹೊತ್ತು ಕಳೆಯುತ್ತಾರೆ.

ಇಷ್ಟಾದರೂ ಕೊರಳು ಟೊಳ್ಳಾಗಿ ಕಾಣುವುದಿಲ್ಲ. ಟೊಳ್ಳು ತೋರುವುದು ನೆರಳಿನಿಂದ. ಬೆಳಕು ಮುಂದಿನಿಂದ ಬರುತ್ತಿದೆ, ಮುಂಭಾಗದ ಬಟ್ಟೆ ಅದನ್ನು ತಡೆಯುತ್ತದೆ, ಹಾಗಾಗಿ ಒಳಮೈ ಮೇಲಂಚಿನಲ್ಲಿ ಬೆಳಗಿದ್ದು ಕೆಳಗೆ ಹೋದಂತೆ, ಮುಂದಿನ ಕೊರಳಿನ ಹತ್ತಿರಕ್ಕೆ ಬಂದಂತೆ ಕಪ್ಪಾಗಬೇಕು. ತುಂಡಿನ ಮೇಲೆ ಒಂದು ಹೊಸ ಲೇಯರ್ ಇಟ್ಟು, ಅದು ತುಂಡಿನ ಆಚೆ ಚೆಲ್ಲದಂತೆ ಕ್ಲಿಪ್ ಮಾಡಿ, ಮಲ್ಟಿಪ್ಲೈ ಕ್ರಮದಲ್ಲಿ ಮೃದು ಕುಂಚದಿಂದ ತೆಳುವಾಗಿ ನೆರಳು ಹಚ್ಚುತ್ತಾರೆ. ನೆರಳಿಗೆ ಅಚ್ಚ ಕಪ್ಪು ಬಳಸಿದರೆ ಮಸಿ ಬಳಿದಂತಾಗುತ್ತದೆ. ಆ ಲೈನಿಂಗಿನದೇ ಕಡುಬಣ್ಣವನ್ನು ಆರಿಸಿಕೊಂಡು, ಹತ್ತರಿಂದ ಇಪ್ಪತ್ತು ಶೇಕಡ ಗಾಢತೆಯಲ್ಲಿ ಹಲವು ಸಲ ಸವರಬೇಕು. ಲೇಬಲ್ಲಿನ ಮೇಲೂ ಅದೇ ನೆರಳು ಹಾಯಬೇಕು. ಲೈನಿಂಗ್ ಮಬ್ಬಾಗಿ ಲೇಬಲ್ ಮಾತ್ರ ಬೆಳ್ಳಗೆ ಹೊಳೆದರೆ ಅದು ಆಮೇಲೆ ಅಂಟಿಸಿದ ಚೀಟಿಯಂತೆ ಕಾಣುತ್ತದೆ.

ಖಣದ ಕೆಂಪು ಇನ್ನೊಂದು ತೊಡಕು ತರುತ್ತದೆ. ವೆಬ್ಬಿಗೆ ಚಿತ್ರವನ್ನು ಎಸ್ಆರ್‌ಜಿಬಿ ಬಣ್ಣವ್ಯವಸ್ಥೆಯಲ್ಲಿ ಕೊಡಬೇಕು. ಗಾಢ ಕೆಂಪು ಅಲ್ಲಿ ಬೇಗನೆ ತನ್ನ ಮೇಲ್ಮಿತಿಯನ್ನು ಮುಟ್ಟುತ್ತದೆ. ಮುಟ್ಟಿದ ಕಡೆ ನೇಯ್ಗೆಯ ಚಿತ್ತಾರ ಕರಗಿ ಬರೀ ಕೆಂಪು ಹರವು ಉಳಿಯುತ್ತದೆ. ಒಟ್ಟು ಹಿಸ್ಟೊಗ್ರಾಮ್ ಸರಿಯಿದ್ದಂತೆ ತೋರಿದರೂ ಕೆಂಪು ಚಾನೆಲನ್ನು ಬೇರೆಯಾಗಿ ನೋಡಿ, ಅದು ಬಲತುದಿಗೆ ಒತ್ತಿಕೊಂಡಿದ್ದರೆ ಬೆಳಕು ತಗ್ಗಿಸಿ ಮತ್ತೆ ತೆಗೆಯುವುದೇ ಪರಿಹಾರ. ಶೂಟಿಂಗ್ ಶುರುವಾಗುವಾಗ ಬಟ್ಟೆಯ ಪಕ್ಕ ಬೂದು ಕಾರ್ಡ್ ಹಿಡಿದು ಒಂದು ಫೋಟೊ ತೆಗೆದಿಟ್ಟುಕೊಂಡರೆ ಬಿಳಿಯ ಸಮತೋಲನವನ್ನು ಎಲ್ಲ ಫೋಟೊಗಳಿಗೂ ಒಂದೇ ಸಮ ಹೊಂದಿಸಬಹುದು.

ಮುಗಿದ ಚಿತ್ರವನ್ನು ಪರೀಕ್ಷಿಸುವ ಸರಳ ಉಪಾಯಗಳಿವೆ. ಎಲ್ಲಕ್ಕಿಂತ ಕೆಳಗೆ ಕಡು ನೀಲಿಯದೋ ಹಸಿರಿನದೋ ಒಂದು ಲೇಯರ್ ಹಾಕಿದರೆ ಬಿಳಿ ಹಿನ್ನೆಲೆಯಲ್ಲಿ ಅಡಗಿದ್ದ ಗೊಂಬೆಯ ಚೂರುಗಳು, ಹೆಗಲಿನ ಸಂದುಗಳು ತಟ್ಟನೆ ಎದ್ದು ಕಾಣುತ್ತವೆ. ಚಿತ್ರವನ್ನು ಎಡಬಲ ತಿರುಗಿಸಿದರೆ ಕೊರಳು ಒಂದು ಕಡೆ ವಾಲಿರುವುದು ಗೊತ್ತಾಗುತ್ತದೆ. ಒಂದೇ ಚಿತ್ರವನ್ನು ತುಂಬ ಹೊತ್ತು ನೋಡಿದ ಕಣ್ಣು ಅದನ್ನು ಕಾಣದೆ ಬಿಟ್ಟಿರುತ್ತದೆ. ಕೊನೆಗೆ ಅದನ್ನು ಮೊಬೈಲಿನಲ್ಲಿ ಕಾಣುವಷ್ಟು ಚಿಕ್ಕದು ಮಾಡಿ ನೋಡಬೇಕು. ದೊಡ್ಡದರಲ್ಲಿ ಸರಿಯಿದ್ದ ನೆರಳು ಚಿಕ್ಕದರಲ್ಲಿ ಕಪ್ಪು ಕಲೆಯಾಗಿರಬಹುದು.

ಕೆಲವು ಬಟ್ಟೆಗಳಲ್ಲಿ ಕೊರಳು ಕಟ್ಟುವ ಕೆಲಸವೇ ಇರುವುದಿಲ್ಲ. ಬ್ಯಾಕ್ ನೆಕ್ ಫ್ರಂಟ್ ನೆಕ್ಕಿಗಿಂತ ಆಳವಾಗಿರುವ ರವಿಕೆಯಲ್ಲಿ ಮುಂದಿನಿಂದ ನೋಡಿದರೆ ಬೆನ್ನಿನ ಬಟ್ಟೆ ಕಾಣುವುದೇ ಇಲ್ಲ. ಅಲ್ಲಿ ಬಿಳಿ ಹಿನ್ನೆಲೆ ತೋರುವುದೇ ಸರಿ. ಆದರೆ ಅದರ ಹಿಂಭಾಗದ ಫೋಟೊದಲ್ಲಿ ಆಳದ ತೆರವಿನ ಮೂಲಕ ಮುಂಭಾಗದ ಒಳಮೈ ಕಾಣುತ್ತದೆ, ಆ ಚಿತ್ರಕ್ಕೆ ಜೋಡಣೆ ಬೇಕಾಗುತ್ತದೆ. ಇದನ್ನು ಗಮನಿಸದೆ ಎಲ್ಲ ಬಟ್ಟೆಗೂ ಒಂದೇ ತರಹದ ಒಳಕೊರಳು ಕೂರಿಸಿದ ಚಿತ್ರಗಳೂ ಮಾರಾಟದಲ್ಲಿವೆ. ಹೊಲಿಗೆ ಬಲ್ಲವರಿಗೆ ಅಂಥದ್ದು ಕೂಡಲೇ ತಿಳಿಯುತ್ತದೆ.

ಈ ವಿಧಾನ ಸೋಲುವುದು ನೆಟ್, ಶಿಫಾನ್‌ನಂಥ ಪಾರದರ್ಶಕ ಬಟ್ಟೆಗಳಲ್ಲಿ. ಖಣದ ಕುರ್ತಿಗೇ ನೆಟ್ಟಿನ ತೋಳು ಇಟ್ಟಿದ್ದರೆ ಗೊಂಬೆಯ ಕೈ ಬಟ್ಟೆಯ ಎಳೆಎಳೆಯ ಸಂದಿನಲ್ಲೂ ಕಾಣುತ್ತದೆ. ಅಂಚಿನಾಚೆಗಿನ ಗೊಂಬೆಯನ್ನು ಕತ್ತರಿಸಬಹುದು, ಬಟ್ಟೆಯೊಳಗಿಂದ ಇಣುಕುವ ಗೊಂಬೆಯನ್ನು ಕತ್ತರಿಸಲಾಗದು. ಆಗ ಕಳಚುವ ಕೈಗಳಿರುವ ಗೊಂಬೆ ತಂದು, ಕೈಗಳನ್ನು ತೆಗೆದು, ತೋಳನ್ನು ತೆಳು ನೈಲಾನ್ ದಾರದಿಂದ ಎಳೆದು ಕಟ್ಟಿ ಬೇರೆಯಾಗಿ ಫೋಟೊ ತೆಗೆಯುತ್ತಾರೆ. ಆಮೇಲೆ ದಾರವನ್ನಷ್ಟೇ ಅಳಿಸಿದರೆ ಸಾಕು. ತೋಳಿನ ಹಿಂಬದಿಯ ನೆಟ್ಟು ಮುಂಬದಿಯದರ ಮೂಲಕ ಹಾಗೆಯೇ ಕಾಣುತ್ತದೆ. ಇಡೀ ಉಡುಪೇ ಪಾರದರ್ಶಕವಾಗಿದ್ದರೆ ಗೊಂಬೆಯನ್ನು ಬಿಟ್ಟು ರೂಪದರ್ಶಿಯನ್ನು ಕರೆಸುವುದು ಅಥವಾ ಹರಡಿ ಮೇಲಿನಿಂದ ತೆಗೆಯುವುದೇ ಉಳಿದ ದಾರಿ.